ಬೆಳೆ ಇಳಿದರೆ ಬೆಲೆ ಏರುತ್ತದೆ: ನಾಲಿಗೆ ಮಡಚುವ ಅಕ್ಷರಗಳ ಪಾಠ

ಕಳೆದ ಟರ್ಮಿನಲ್ಲಿ ನಮ್ಮ ಅರ್ಥಶಾಸ್ತ್ರದ ಸೆಮಿನಾರಿನಲ್ಲಿ ನನ್ನ ಪಾಲಿಗೆ ಬಂದ ವಿಷಯ ಈರುಳ್ಳಿಯ ಪೂರೈಕೆ. ಹೇಳಬೇಕಾದ ಮುಖ್ಯ ವಾಕ್ಯ ಒಂದೇ: ಬೆಳೆ ಇಳಿದರೆ ಬೆಲೆ ಏರುತ್ತದೆ. ಎರಡು ರಾತ್ರಿ ಕುಳಿತು ತಯಾರಿ ಮಾಡಿದ್ದೆ. ಆದರೆ ವೇದಿಕೆಯ ಮೇಲೆ ನನ್ನ ಬಾಯಿಂದ ಬಂದದ್ದು "ಬೆಲೆ ಇಲಿದರೆ ಬೆಲೆ ಏರುತ್ತದೆ." ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತು. ನನಗೆ ಅದು ಯಾಕೆಂದು ಗೊತ್ತಾಗಲಿಲ್ಲ. ಒತ್ತಿ ಹೇಳಿದರೆ ಸರಿಯಾಗಬಹುದೆಂದು ಇನ್ನೊಮ್ಮೆ ಜೋರಾಗಿ ಹೇಳಿದೆ. ನಗುವೂ ಜೋರಾಯಿತು.

ನನ್ನ ಪಕ್ಕದಲ್ಲಿ ಕೂರುವ ಗೆಳೆಯ ನಗಲಿಲ್ಲ. ಅವರ ಮನೆಯಲ್ಲಿ ಈರುಳ್ಳಿಯನ್ನೇ ಬೆಳೆಯುತ್ತಾರೆ. ಊಟದ ಬಿಡುವಿನಲ್ಲಿ ಅವನು ಕೇಳಿದ, "ನಿಜವಾಗ್ಲೂ ನಂಗೆ ಅರ್ಥ ಆಗ್ಲಿಲ್ಲ ಕಣೋ. ಬೆಲೆ ಇಳಿದ್ರೆ ಬೆಲೆ ಹೆಂಗೆ ಏರುತ್ತೆ?" ನಕ್ಕವರಿಗಿಂತ ಈ ಮಾತು ನನ್ನನ್ನು ಹೆಚ್ಚು ಚುಚ್ಚಿತು. ಉಚ್ಚಾರ ಕೆಟ್ಟರೆ ಕೇಳಲು ಚೆನ್ನಾಗಿರುವುದಿಲ್ಲ, ಅಷ್ಟೇ ಎಂದುಕೊಂಡಿದ್ದೆ. ಇಲ್ಲಿ ಪೂರೈಕೆಯ ನಿಯಮವೇ ಕೆಟ್ಟುಹೋಗಿತ್ತು.

ನಮ್ಮ ಮನೆಮಾತು ಉರ್ದು. ನಮ್ಮ ಕಾಲೇಜಿನಲ್ಲಿ ನನ್ನ ಹಾಗೆ ಉರ್ದು ಮನೆಗಳಿಂದ ಬಂದವರು ಬಹಳ ಮಂದಿ ಇರುವುದರಿಂದ, ಆಮೇಲಿನ ಕೆಲವು ವಾರಗಳಲ್ಲಿ ನಾನು ಕಲಿತದ್ದನ್ನು ಬರೆಯುತ್ತಿದ್ದೇನೆ.

ಮೊದಲು ಗೆಳೆಯನೇ ಒಂದು ಪರೀಕ್ಷೆ ಮಾಡಿದ. ಇಪ್ಪತ್ತು ಚೀಟಿಗಳಲ್ಲಿ ಬೆಲೆ, ಬೆಳೆ, ಹಾಲು, ಹಾಳು, ಕಾಲು, ಕಾಳು, ಹುಲಿ, ಹುಳಿ, ಹಲ್ಲಿ, ಹಳ್ಳಿ, ಇಲಿ, ಇಳಿ ಹೀಗೆ ಜೋಡಿ ಪದಗಳನ್ನು ಬರೆದು, ಕಲಸಿ, ನನ್ನ ಬೆನ್ನ ಹಿಂದೆ ನಿಂತು ಒಂದೊಂದಾಗಿ ಓದಿದ. ಕೇಳಿದ್ದನ್ನು ನಾನು ಬರೆಯಬೇಕು. ಹನ್ನೊಂದು ಸರಿಯಾದವು. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿ ಬರೆದಿದ್ದರೂ ಸುಮಾರು ಹತ್ತು ಸರಿಯಾಗುತ್ತಿತ್ತು! ಅಂದರೆ ನನ್ನ ನಾಲಿಗೆಗಿಂತ ಮೊದಲು ನನ್ನ ಕಿವಿಯೇ ಲ ಮತ್ತು ಳ ಗಳನ್ನು ಒಂದೇ ಡಬ್ಬಿಗೆ ಹಾಕುತ್ತಿತ್ತು. ಕನ್ನಡ ಉತ್ತರಪತ್ರಿಕೆಯಲ್ಲಿ ನನಗೆ "ಬಂಡವಾಲ", "ಉಲಿತಾಯ" ಎಂದು ಬರೆದು ಅಂಕ ಹೋಗುತ್ತಿದ್ದದ್ದು ಯಾಕೆಂದು ಅಂದು ತಿಳಿಯಿತು. ಕಿವಿ ಬೇರೆ ಮಾಡದ್ದನ್ನು ಕೈ ಬೇರೆ ಮಾಡುವುದಿಲ್ಲ. (ಇನ್ನೊಂದು ಜೋಡಿ ಇದೆ, "ಹೇಳು" ಎಂಬುದರದ್ದು. ಅದರಲ್ಲಿ ಳ ತಪ್ಪಿದರೆ ಏನಾಗುತ್ತದೆಂದು ಕಾಲೇಜಿನ ಪತ್ರಿಕೆಯಲ್ಲಿ ಬರೆಯಲು ಆಗುವುದಿಲ್ಲ.)

ಈಗ ಬಾಯಿಯ ಒಳಗೆ ಹೋಗೋಣ. ನಾಲಿಗೆಯ ತುದಿಯನ್ನು ಮೇಲಿನ ಮುಂಹಲ್ಲುಗಳ ಹಿಂಬದಿಗೆ ತಾಗಿಸಿ. ಇದು ತ, ದ ಹುಟ್ಟುವ ಜಾಗ, ಇವು ದಂತ್ಯ. ಅಲ್ಲಿಂದ ತುದಿಯನ್ನು ನಿಧಾನವಾಗಿ ಹಿಂದಕ್ಕೆ ಜಾರಿಸಿದರೆ ಹಲ್ಲಿನ ಬುಡ ದಾಟಿದ ಕೂಡಲೇ ವಸಡಿನ ಒಂದು ಉಬ್ಬು ಸಿಗುತ್ತದೆ. ಇದಕ್ಕೆ ವರ್ತ್ಸ ಎನ್ನುತ್ತಾರೆ. ಕನ್ನಡದ ಲ ಇಲ್ಲಿ ಹುಟ್ಟುತ್ತದೆ. ಇನ್ನೂ ಹಿಂದಕ್ಕೆ ಜಾರಿಸಿದರೆ ಉಬ್ಬು ಮುಗಿದು ಅಂಗುಳ ಗುಮ್ಮಟದಂತೆ ಮೇಲಕ್ಕೆ ಏರುತ್ತದೆ. ಆ ಏರಿಕೆಯನ್ನು ಮುಟ್ಟಬೇಕಾದರೆ ನಾಲಿಗೆಯ ತುದಿ ತಾನಾಗಿಯೇ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಟ, ಠ, ಡ, ಢ, ಣ, ಳ ಹುಟ್ಟುವುದು ಹೀಗೆ ಮಡಚಿ. ವ್ಯಾಕರಣದಲ್ಲಿ ಇವು ಮೂರ್ಧನ್ಯಗಳು. ನಮ್ಮ ವರ್ಣಮಾಲೆಯ ವರ್ಗಗಳು ಕ, ಚ, ಟ, ತ, ಪ ಎಂದು ಗಂಟಲಿನಿಂದ ತುಟಿಯ ಕಡೆಗೆ ಬರುತ್ತವೆ. ಟ ವರ್ಗ ತ ವರ್ಗಕ್ಕಿಂತ ಮೊದಲು ಇರುವುದು ಅದು ಬಾಯಿಯಲ್ಲಿ ಹಿಂದೆ ಇರುವುದರಿಂದಲೇ. ಒಂದನೇ ತರಗತಿಯಿಂದ ಬಾಯಿಪಾಠ ಹೇಳಿದ್ದರೂ ಇದನ್ನು ನಾನು ಗಮನಿಸಿದ್ದು ಹದಿನೇಳನೇ ವಯಸ್ಸಿನಲ್ಲಿ.

ಇಂಗ್ಲಿಷಿನವರ ಟ ಮಾತ್ರ ನಮ್ಮ ಎರಡಕ್ಕೂ ಸೇರುವುದಿಲ್ಲ. ಅವರು ಅದನ್ನು ವಸಡಿನ ಉಬ್ಬಿನ ಮೇಲೆ, ನಾಲಿಗೆ ಮಡಚದೆ ಹೇಳುತ್ತಾರೆ. ಕನ್ನಡದಲ್ಲಿ ಆ ಜಾಗದಲ್ಲಿ ತ ಆಗಲಿ ಟ ಆಗಲಿ ಇಲ್ಲದ್ದರಿಂದ ನಮ್ಮ ಕಿವಿ ಅದನ್ನು ಹತ್ತಿರದ ಟ ಡಬ್ಬಿಗೆ ಹಾಕಿ "ಟೇಬಲ್" ಮಾಡಿಕೊಂಡಿದೆ. ನನ್ನ ಕಿವಿ ಳ ಗೆ ಮಾಡಿದ್ದೂ ಇದನ್ನೇ.

ಉರ್ದುವಿನಲ್ಲಿ ಮಡಚುವ ಅಕ್ಷರಗಳೇ ಇಲ್ಲವೆಂದಲ್ಲ. ಟ, ಡ ನಮಗೆ ಸಲೀಸು. ಅರಬ್ಬಿ, ಫಾರಸಿ ಲಿಪಿಗಳಲ್ಲಿ ಅವುಗಳಿಗೆ ಅಕ್ಷರ ಇರಲಿಲ್ಲವಾದ್ದರಿಂದ ಉರ್ದುವಿನಲ್ಲಿ ತೇ, ದಾಲ್, ರೇ ಅಕ್ಷರಗಳ ತಲೆಯ ಮೇಲೆ ಪುಟ್ಟ ತೋಯ್ ಇಟ್ಟು ಟೇ, ಡಾಲ್, ಡೇ ಮಾಡಿಕೊಂಡರು. ಆದರೆ ಲಾಮ್ ಮೇಲೆ, ನೂನ್ ಮೇಲೆ ಯಾರೂ ತೋಯ್ ಇಡಲಿಲ್ಲ. ಬೇಕಾಗಲಿಲ್ಲ. ನಮಗೆ ಕಷ್ಟವಾಗುವುದು ಸರಿಯಾಗಿ ಆ ಎರಡೇ, ಳ ಮತ್ತು ಣ.

ಇಷ್ಟನ್ನು ನಮ್ಮ ಕನ್ನಡ ಸರ್ ಬಳಿ ಹೇಳಿದಾಗ ಅವರು ಇನ್ನೊಂದು ಮಾತು ಸೇರಿಸಿದರು. ಪೀಟರ್ ಲ್ಯಾಡಿಫೋಗೆಡ್ ಮತ್ತು ಪೆರಿ ಭಾಸ್ಕರರಾವ್ ಎಂಬ ಧ್ವನಿವಿಜ್ಞಾನಿಗಳು 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಿಂದಿ, ತೆಲುಗು, ತಮಿಳು ಮಾತಾಡುವವರ ಟ, ಡ ಗಳನ್ನು ಹೋಲಿಸಿದ್ದಾರಂತೆ. ಹಿಂದಿಯವರ ನಾಲಿಗೆಯ ತುದಿ ವಸಡಿನ ಉಬ್ಬಿನ ಸ್ವಲ್ಪ ಹಿಂದೆ ತಾಗಿದರೆ, ತೆಲುಗು, ತಮಿಳಿನವರ ನಾಲಿಗೆ ಪೂರಾ ಮಡಚಿ ಅದರ ಅಡಿಭಾಗ ಅಂಗುಳಕ್ಕೆ ತಾಗುತ್ತದೆ. ಬಾಯಿಮಾತಿನ ಉಚ್ಚಾರದಲ್ಲಿ ಉರ್ದು ಹಿಂದಿಯ ಜೊತೆಗಿದೆ, ಕನ್ನಡ ತೆಲುಗು ತಮಿಳುಗಳ ಕುಟುಂಬದ್ದು. ಹಾಗಾಗಿ ನಾವು "ಮಡಚಿದೆ" ಎಂದುಕೊಳ್ಳುವುದು ಕನ್ನಡಕ್ಕೆ ಕೆಲವೊಮ್ಮೆ ಸಾಲದೇ ಹೋಗಬಹುದು.

ನಾಲಿಗೆ ಎಲ್ಲಿ ತಾಗುತ್ತಿದೆ ಎಂದು ಕಣ್ಣಾರೆ ನೋಡುವ ಒಂದು ಉಪಾಯವಿದೆ. ಧ್ವನಿವಿಜ್ಞಾನದ ಪ್ರಯೋಗಾಲಯಗಳಲ್ಲಿ ಇದ್ದಿಲ ಪುಡಿ ಮತ್ತು ಎಣ್ಣೆ ಕಲಸಿ ನಾಲಿಗೆಗೆ ಬಳಿಯುತ್ತಾರೆ. ನಾನು ಅಡುಗೆಮನೆಯ ಕೋಕೋ ಪುಡಿಗೆ ನಾಲ್ಕು ಹನಿ ಎಣ್ಣೆ ಹಾಕಿ ಕಲಸಿಕೊಂಡೆ. ಅಂಗುಳವನ್ನು ಸ್ವಚ್ಛ ಬಟ್ಟೆಯಿಂದ ಒರೆಸಿ, ಆ ಲೇಪವನ್ನು ಬೆರಳಿನಿಂದ ನಾಲಿಗೆಯ ತುದಿಗೆ ಮೇಲೂ ಅಡಿಯಲ್ಲೂ ಬಳಿದುಕೊಳ್ಳಬೇಕು. ಉಗುಳು ನುಂಗದೆ "ಅದ" ಎಂದು ಒಂದೇ ಸಲ ಹೇಳಿ ಬಾಯಿ ತೆರೆದೇ ಇಟ್ಟು, ಕನ್ನಡಿ ಮತ್ತು ಮೊಬೈಲಿನ ಟಾರ್ಚಿನಲ್ಲಿ ನೋಡಬೇಕು. ಹಲ್ಲಿನ ಹಿಂಬದಿ ಕಂದು ಬಣ್ಣವಾಗಿರುತ್ತದೆ. ತೊಳೆದು, ಮತ್ತೆ ಬಳಿದು "ಅಲ" ಎಂದರೆ ಗುರುತು ಉಬ್ಬಿನ ಮೇಲೆ. ಪದವನ್ನಲ್ಲ, ಇಂಥ ಒಂದೇ ವ್ಯಂಜನದ ತುಣುಕನ್ನೇ ಹೇಳಬೇಕು, ಇಲ್ಲದಿದ್ದರೆ ಇನ್ನೊಂದು ಅಕ್ಷರ ಗುರುತನ್ನು ಅಳಿಸಿಬಿಡುತ್ತದೆ. ಕೊನೆಗೆ "ಅಳ". ಗೆಳೆಯನ ಬಾಯಲ್ಲಿ ಹಲ್ಲುಗಳು ಬೆಳ್ಳಗೇ ಇದ್ದವು. ಉಬ್ಬಿನ ಹಿಂದೆ, ಗುಮ್ಮಟದ ಏರಿಕೆಯ ಮೇಲೆ ಒಂದು ಕಂದು ಪಟ್ಟಿ, ಮುಂದಕ್ಕೆ ಸ್ವಲ್ಪ ಎಳೆದಂತೆ. ನನ್ನ "ಅಳ"ದ ಗುರುತು "ಅಲ"ದ ಗುರುತಿನ ಮೇಲೆಯೇ ಕೂತಿತ್ತು. ಕನ್ನಡಿಯ ಮುಂದೆ ನಾಲಿಗೆಗೆ ಕಂದು ಬಣ್ಣ ಬಳಿದುಕೊಂಡು ನಿಂತಿದ್ದ ನನ್ನನ್ನು ನೋಡಿ ಅಮ್ಮಿ "ಕ್ಯಾ ಕರ್ ರಾ ರೇ?" ಎಂದು ಬಾಗಿಲಲ್ಲೇ ನಿಂತರು.

ಕಲಿಯುವ ದಾರಿ ಸಿಕ್ಕಿದ್ದು ನಮ್ಮ ಉರ್ದುವಿನಿಂದಲೇ. "ಗಂದಾ" ಎಂದು ಹೇಳಿ. ನ್ ಹೇಳುವಾಗ ತುದಿ ಹಲ್ಲಿಗೆ ತಾಗಿರುತ್ತದೆ, ಮುಂದಿನ ದ ಗೆ ಸಿದ್ಧವಾಗಿ. ಈಗ "ಅಂಡಾ" ಎನ್ನಿ. ಇಲ್ಲಿ ಮುಂದೆ ಡ ಇರುವುದರಿಂದ ನಾಲಿಗೆ ನ್ ಹೇಳುವಾಗಲೇ ಮಡಚಿಕೊಂಡಿದೆ. ಅದು ಣ್. ಹುಟ್ಟಿದಾಗಿನಿಂದ ಅಂಡಾ, ಠಂಡಾ, ಮಂಡಿ ಎನ್ನುತ್ತಾ ನಾವು ಣ ವನ್ನು ಹೇಳುತ್ತಲೇ ಇದ್ದೇವೆ, ಒಂಟಿಯಾಗಿ ಹೇಳಿಲ್ಲ ಅಷ್ಟೇ. "ಅಂಡಾ" ಎನ್ನಲು ಹೊರಟು ಡ ಬರುವ ಮೊದಲೇ ತಡೆದು, "ಅಣ್‌‌‌‌..." ಎಂದು ಮೂಗಿನಲ್ಲಿ ಎರಡು ಸೆಕೆಂಡ್ ಎಳೆಯಿರಿ. ನಾಲಿಗೆಯನ್ನು ಕದಲಿಸದೆ ಅಲ್ಲಿಂದಲೇ "ಣ" ಎಂದು ಬಿಡಿ. "ಅಣ್ಣ" ಆಯಿತು. ಹಾಗೆಯೇ ಹಣ್ಣು, ಕಣ್ಣು, ಮಣ್ಣು. ಒತ್ತಕ್ಷರ ಇರುವ ಪದಗಳಿಂದಲೇ ಶುರುಮಾಡಿ, ಅವುಗಳಲ್ಲಿ ನಾಲಿಗೆಗೆ ನಿಲ್ಲಲು ಹೊತ್ತು ಸಿಗುತ್ತದೆ. ಆಮೇಲೆ ಹಣ, ಕಣ, ಮಣೆ. ನನಗೆ ಣ ನಾಲ್ಕೈದು ದಿನಗಳಲ್ಲಿ ಬಂತು.

ಳ ಗೂ ಇದೇ ಬಾಗಿಲು ಇದೆ. "ಹಲ್ದಿ" ಎಂದಾಗ ಲ್ ಹಲ್ಲಿನ ಬಳಿ. "ಬಾಲ್ಟಿ", "ಉಲ್ಟಾ" ಎಂದು ನಿಧಾನವಾಗಿ ಹೇಳಿ ನೋಡಿ, ಟ ಗಾಗಿ ನಾಲಿಗೆ ಲ್ ಹೇಳುವಾಗಲೇ ಹಿಂದಕ್ಕೆ ಸರಿಯುತ್ತದೆ. "ಬಾಲ್ಟಿ"ಯನ್ನು ಟ ಗೆ ಮೊದಲು ತಡೆದು "ಬಾಳ್‌‌‌‌..." ಎಂದು ಎಳೆದು, ಅಲ್ಲಿಂದಲೇ "ಳು" ಬಿಡಿ. ಬಾಳು.

ಇಲ್ಲಿ ನಾನು ಒಂದು ವಾರ ಸಿಕ್ಕಿಹಾಕಿಕೊಂಡೆ. ಮಡಚುವ ಉತ್ಸಾಹದಲ್ಲಿ ನನ್ನ "ಹಳ್ಳಿ" ಎಲ್ಲ "ಹಡ್ಡಿ" ಆಗುತ್ತಿತ್ತು. ಗೆಳೆಯನಿಗೆ ಮೂಳೆ ನೆನಪಾಗುವುದಿಲ್ಲ, ನಮಗೆ ಆಗುತ್ತದೆ! ಡ ಮತ್ತು ಳ ಎರಡರಲ್ಲೂ ತುದಿ ತಾಗುವ ಜಾಗ ಒಂದೇ. ಡ ದಲ್ಲಿ ನಾಲಿಗೆಯ ಅಂಚುಗಳೂ ಮೇಲಿನ ದವಡೆ ಹಲ್ಲುಗಳಿಗೆ ಒತ್ತಿ ಗಾಳಿಯನ್ನು ಪೂರ್ತಿ ಮುಚ್ಚುತ್ತವೆ. ಳ ದಲ್ಲಿ ಅಂಚುಗಳು ಸಡಿಲವಾಗಿದ್ದು ಗಾಳಿ ಪಕ್ಕಗಳಿಂದ ಹೋಗುತ್ತದೆ. ಆದ್ದರಿಂದ ಳ ವನ್ನು ಉಸಿರು ಇರುವಷ್ಟು ಹೊತ್ತು ಎಳೆಯಬಹುದು, ಡ ವನ್ನು ಎಳೆಯಲಾಗದು. ಸರಿಯಾಯಿತೇ ಎಂದು ತಿಳಿಯಲು, ಳ ಹೇಳುವ ಭಂಗಿಯಲ್ಲೇ ನಾಲಿಗೆ ನಿಲ್ಲಿಸಿ, ಬಾಯಿಯಿಂದ ಉಸಿರು ಒಳಗೆಳೆಯಿರಿ. ನಾಲಿಗೆಯ ಅಂಚಿನಲ್ಲಿ ತಣ್ಣಗೆ ಅನಿಸಿದರೆ ಅದು ಳ. ಗಾಳಿಯೇ ಬರದಿದ್ದರೆ ನೀವು ಡ ದಲ್ಲಿದ್ದೀರಿ. ಹಲ್ಲು ಕಚ್ಚಿಕೊಂಡು ಅಭ್ಯಾಸ ಮಾಡಬೇಡಿ. ಮೇಲಿನ ಕೆಳಗಿನ ಹಲ್ಲುಗಳ ನಡುವೆ ಒಂದು ಬೆರಳಿನ ಸಂದು ಇರದಿದ್ದರೆ ನಾಲಿಗೆಗೆ ಮಡಚಲು ಜಾಗವೇ ಇರುವುದಿಲ್ಲ.

ಅಷ್ಟಾದರೂ ಒಂಟಿ ಳ ಬರುತ್ತಿರಲಿಲ್ಲ. ನಾನು "ಳ, ಳ, ಳ" ಎಂದು ಬರೀ ಅಕ್ಷರವನ್ನೇ ಹೇಳಿ ಅಭ್ಯಾಸ ಮಾಡುತ್ತಿದ್ದೆ. ಕನ್ನಡದ ಯಾವ ಪದವೂ ಳ ದಿಂದಾಗಲಿ ಣ ದಿಂದಾಗಲಿ ಶುರುವಾಗುವುದಿಲ್ಲ. ಅದಕ್ಕೆ ಕಾರಣ ನಾಲಿಗೆಯ ಚಲನೆಯಲ್ಲೇ ಇದೆ ಎನ್ನುತ್ತಾರೆ. ನಾಲಿಗೆ ಮಡಚಿಕೊಳ್ಳುವುದು ಹಿಂದಿನ ಸ್ವರವನ್ನು ಹೇಳುತ್ತಿರುವಾಗಲೇ. ತಾಗಿದ ಮೇಲೆ ಅದು ಮುಂದಕ್ಕೆ ಬಿಚ್ಚಿಕೊಳ್ಳುತ್ತಾ ಬರುವುದರಿಂದ ಬಿಡುವ ಹೊತ್ತಿಗೆ ಳ ಕೂಡ ಲ ದ ಹತ್ತಿರವೇ ಬಂದಿರುತ್ತದೆ. ಕೋಕೋ ಗುರುತು ಮುಂದಕ್ಕೆ ಎಳೆದಂತೆ ಇದ್ದದ್ದು ಇದರಿಂದಲೇ. ಹಾಗಾಗಿ ಕೇಳುವವರ ಕಿವಿಗೆ ಳ ದ ಸುಳಿವು ಹೆಚ್ಚಾಗಿ ಸಿಗುವುದು ಅದರ ಹಿಂದಿನ ಸ್ವರದ ಕೊನೆಯಲ್ಲಿ. ನಾನು ಳ ಬಂದ ಮೇಲೆ ಮಡಚಲು ಹೋಗುತ್ತಿದ್ದೆ, ಆಗ ತಡವಾಗಿರುತ್ತಿತ್ತು.

ಇದಕ್ಕೆ ಮದ್ದು ನನಗೆ ಚಿಕ್ಕಂದಿನಲ್ಲೇ ಗೊತ್ತಿತ್ತು. ಮದರಸದಲ್ಲಿ ತಜ್ವೀದ್ ಕಲಿಸುವಾಗ ಉಸ್ತಾದರು ಅಕ್ಷರದ ಮಖ್ರಜ್, ಅಂದರೆ ಅದು ಹೊರಡುವ ಜಾಗ, ತಿಳಿಯಲು ಅದರ ಹಿಂದೆ ಒಂದು ಅ ಇಟ್ಟು, ಅಕ್ಷರಕ್ಕೆ ಸುಕೂನ್ ಕೊಟ್ಟು ನಿಲ್ಲಿಸಲು ಹೇಳುತ್ತಿದ್ದರು. ಅಬ್, ಅತ್, ಅಲ್. ನಾಲಿಗೆ ಎಲ್ಲಿ ನಿಂತಿತೋ ಅದೇ ಮಖ್ರಜ್. ಅರಬ್ಬಿಯಲ್ಲಿ ಈ ಮಡಚುವ ಜಾಗದ ಅಕ್ಷರಗಳಿಲ್ಲ, ಆದರೆ ಉಪಾಯ ಇಲ್ಲಿಗೂ ಸಲ್ಲುತ್ತದೆ. "ಆ" ಎಂದು ಉದ್ದಕ್ಕೆ ಎಳೆಯುತ್ತಾ, ದನಿ ನಿಲ್ಲಿಸದೆ ನಾಲಿಗೆಯನ್ನು ಮಡಚುತ್ತಾ ಹೋಗಿ. ತಾಗುವ ಮೊದಲೇ "ಆ" ದ ಬಣ್ಣ ಬದಲಾಗುವುದು ಕೇಳಿಸುತ್ತದೆ. ತಾಗಿದಾಗ "ಆಳ್". ಅಲ್ಲೇ ನಿಲ್ಲಿ. ಹೀಗೆ ಹತ್ತು ಸಲ ಮಾಡಿದ ಮೇಲೆಯೇ "ಆಳು", "ತಾಳ", "ಕಾಳು" ಎಂದು ಬಿಡಿ.

ಯಾವ ಸ್ವರದಿಂದ ಶುರು ಎನ್ನುವುದೂ ಮುಖ್ಯ. ಅ, ಆ, ಒ, ಉ ಗಳ ಜೊತೆ ಸುಲಭ: ಮೊಳ, ಕೊಳ, ಹೊಳೆ, ಹುಳಿ. ಎ ಕಷ್ಟ, ಇ ಎಲ್ಲಕ್ಕಿಂತ ಕಷ್ಟ. ಇ ಹೇಳುವಾಗ ನಾಲಿಗೆಯ ಒಡಲು ಮುಂದೆ ಬಂದು ಅಂಗುಳದ ಹತ್ತಿರ ಏರಿರುತ್ತದೆ, ತುದಿ ಹಿಂದಕ್ಕೆ ಹೋಗಲು ದಾರಿ ಇರುವುದಿಲ್ಲ. ಬಿಳಿ, ತಿಳಿ, ಇಳಿ ಹೇಳುವಾಗ ಇ ಯನ್ನು ಒಂದಿಷ್ಟು ಸಡಿಲಬಿಡಬೇಕು. ನನ್ನ ಸೆಮಿನಾರಿನ ವಾಕ್ಯವನ್ನು ನೋಡಿ, "ಬೆಳೆ ಇಳಿದರೆ". ಎ ಆದ ಮೇಲೆ ಒಂದು ಳ, ಇ ಆದ ಮೇಲೆ ಇನ್ನೊಂದು. ಇಡೀ ಕನ್ನಡದಲ್ಲಿ ಹುಡುಕಿ ಇದನ್ನೇ ಆರಿಸಿಕೊಂಡಿದ್ದೆ.

ಪದಗಳು ಬಂದ ಮೇಲೆ ಲ ಮತ್ತು ಳ ಒಟ್ಟಿಗೆ ಬರುವ ಕಡೆ ನಾಲಿಗೆಯನ್ನು ಓಡಿಸಬೇಕು. ಇದಕ್ಕೆ ಬೇರೆ ಪುಸ್ತಕ ಬೇಡ. ಬಹುವಚನದ "ಗಳು" ಜೊತೆ "ಅಲ್ಲಿ" ಸೇರಿದರೆ ಸಾಕು. ಬ್ಯಾಂಕುಗಳಲ್ಲಿ, ಲೆಕ್ಕಗಳಲ್ಲಿ, ಕಂಪನಿಗಳಲ್ಲಿ. ಹೇಳಲಿಲ್ಲ, ಕೇಳಲಿಲ್ಲ ಕೂಡ ಹಾಗೆಯೇ, ಮಡಚಿದ ಕೂಡಲೇ ಬಿಚ್ಚಬೇಕು. ನಾನು ದಿನಾ ರಾತ್ರಿ ವ್ಯವಹಾರ ಅಧ್ಯಯನದ ಒಂದು ಪುಟವನ್ನು ಗಟ್ಟಿಯಾಗಿ ಓದಿ ಮೊಬೈಲಿನಲ್ಲಿ ಮುದ್ರಿಸಿಕೊಂಡು, ಮರುದಿನ ಬೆಳಿಗ್ಗೆ ಕೇಳುತ್ತಿದ್ದೆ. ಹತ್ತು ನಿಮಿಷದ ಕೆಲಸ. ಓದಿದ ಕೂಡಲೇ ಕೇಳಿದರೆ ಬಾಯಿ ಹೇಳಬೇಕೆಂದುಕೊಂಡದ್ದೇ ಕಿವಿಗೂ ಕೇಳಿಸುತ್ತದೆ, ಆದ್ದರಿಂದ ರಾತ್ರಿ ಕಳೆಯಲಿ.

ಒಂದು ಎಚ್ಚರಿಕೆ. ಹೊಸದಾಗಿ ಬಂದ ಳ ಎಲ್ಲ ಕಡೆ ನುಗ್ಗುತ್ತದೆ. ಮೂರನೇ ತರಗತಿಯ ನನ್ನ ತಂಗಿ ನನ್ನ ಜೊತೆ ಅಭ್ಯಾಸಕ್ಕೆ ಕೂತವಳು ಎರಡನೇ ವಾರ "ಭಾಯಿ, ನಂಗೆ ಹಾಳು ಬೇಕು" ಎಂದಳು. ಹಾಲಿನ ಲೋಟ ಕೊಟ್ಟು, "ಅಲ್" ಎಂದು ನಾಲಿಗೆಯನ್ನು ಮುಂದೆ ನಿಲ್ಲಿಸುವುದನ್ನೂ ಅವಳಿಗೆ ಹೇಳಿಕೊಡಬೇಕಾಯಿತು. ಮನೆಮಾತು ಕನ್ನಡವೇ ಆಗಿರುವ ಕೆಲವರ ಆಡುಮಾತಿನಲ್ಲೂ ಳ, ಣ ಗಳು ಲ, ನ ಆಗಿರುತ್ತವೆ. ಹಾಗಾಗಿ ಯಾರನ್ನು ಕೇಳಿ ಕಲಿಯುತ್ತಿದ್ದೀರಿ ಎಂದು ಮೊದಲು ಜೋಡಿ ಪದಗಳನ್ನು ಅವರಿಂದ ಓದಿಸಿ ನೋಡಿಕೊಳ್ಳುವುದು ಒಳ್ಳೆಯದು.

ಆರನೇ ವಾರದ ಕೊನೆಗೆ ಗೆಳೆಯ ಅದೇ ಇಪ್ಪತ್ತು ಚೀಟಿಗಳನ್ನು ಕಲಸಿ ಓದಿದ. ಹದಿನೆಂಟು ಸರಿ. ಆಮೇಲೆ ನಾನು ಓದಿ ಅವನು ಬರೆದ, ಹದಿನೇಳು. "ಬೆಳೆ" ಎಂದಾಗ ಅವನು ತಲೆಯೆತ್ತದೆ "ಬೆಳೆ" ಎಂದೇ ಬರೆದ. ಎರಡು ಸಲವೂ ತಪ್ಪಿದವುಗಳಲ್ಲಿ ಇದ್ದ ಜೋಡಿ ಇಲಿ, ಇಳಿ. ಈಗ ಕಾಲೇಜಿಗೆ ಬರುವ ಬಸ್ಸಿನಲ್ಲಿ ಕಂಡಕ್ಟರ್ "ಇಳೀರಿ, ಇಳೀರಿ" ಎಂದು ಕೂಗಿದಾಗಲೆಲ್ಲ ನಾನೂ ಮೆಲ್ಲಗೆ ಅವರ ಜೊತೆ ಹೇಳುತ್ತೇನೆ.